ಮುಖ ಬದಲಿಸಿದ ವಿಡಿಯೋದಲ್ಲಿ ನಡುಕ, ಮಿನುಗು ಹೋಗಿಸುವುದು ಹೇಗೆ?

ಪ್ರಶ್ನೆ: ಸಾಹಸ ದೃಶ್ಯವೊಂದರಲ್ಲಿ ಡ್ಯೂಪ್ ಮುಖದ ಮೇಲೆ ನಟನ ಮುಖ ಕೂರಿಸುತ್ತಿದ್ದೇನೆ, ಇಬ್ಬರ ಒಪ್ಪಿಗೆಯೂ ಇದೆ. ಒಂದೊಂದೇ ಫ್ರೇಮ್ ನೋಡಿದರೆ ಚೆನ್ನಾಗಿದೆ. ಪ್ಲೇ ಮಾಡಿದರೆ ಮುಖ ನಡುಗುತ್ತೆ, ಚರ್ಮ ಮಿನುಗುತ್ತೆ, ತಲೆ ತಿರುಗಿದಾಗ ಬೇರೆ ಯಾರೋ ಅನ್ನಿಸುತ್ತೆ. ಏನು ಮಾಡಲಿ?

ಉತ್ತರ: ಮೊದಲು ನಡುಕ ನಿಲ್ಲಿಸಿ, ಆಮೇಲೆ ಮಿನುಗು, ಕೊನೆಗೆ ಚಹರೆ. ನಡುಗುವ ಮುಖದ ಮೇಲೆ ಬೇರೇನು ಸರಿಮಾಡಿದರೂ ನಿಲ್ಲುವುದಿಲ್ಲ.

ನಡುಕದ ಮೂಲ ಸಾಮಾನ್ಯವಾಗಿ ಕ್ರಾಪ್, ಅಂದರೆ ಮಾಡೆಲ್‌ಗೆ ಕೊಡಲು ಫ್ರೇಮಿನಿಂದ ಕತ್ತರಿಸಿದ ಮುಖದ ಚೌಕ. ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಕೊನೆ, ಈ ಐದು ಬಿಂದುಗಳನ್ನು ಡಿಟೆಕ್ಟರ್ ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಹುಡುಕುತ್ತದೆ. ಆದ್ದರಿಂದ ತಲೆ ಅಲ್ಲಾಡದಿದ್ದರೂ ಅವು ಒಂದೆರಡು ಪಿಕ್ಸೆಲ್ ಅತ್ತಿತ್ತ ಹೋಗುತ್ತವೆ. ಈ ಬಿಂದುಗಳಿಂದ ಲೆಕ್ಕ ಹಾಕಿ ಮುಖ ಕತ್ತರಿಸಲು ಬಳಸಿದ ಮ್ಯಾಟ್ರಿಕ್ಸ್‌ನಿಂದಲೇ ವಾಪಸ್ ಅಂಟಿಸುವುದರಿಂದ ಈ ತಪ್ಪು ರದ್ದಾಗಬೇಕಲ್ಲ ಅನ್ನಿಸಬಹುದು. ಆಗುವುದಿಲ್ಲ. ನಿಮ್ಮ ಮಾಡೆಲ್ 128×128 ಚಿತ್ರ ಕೊಡುತ್ತದೆ, ಅದು ಪರದೆಯ ಮೇಲೆ 384 ಪಿಕ್ಸೆಲ್ ಅಗಲಕ್ಕೆ ಹಿಗ್ಗುತ್ತದೆ ಅಂದುಕೊಳ್ಳಿ. ಆ ಪುಟ್ಟ ಚಿತ್ರದಲ್ಲಿ ರೆಪ್ಪೆಯ ಗೆರೆ ಒಂದೆರಡು ಪಿಕ್ಸೆಲ್ ದಪ್ಪ. ಕ್ರಾಪ್ ಅರ್ಧ ಪಿಕ್ಸೆಲ್ ಸರಿದರೂ ಮಾಡೆಲ್ ಆ ಗೆರೆಯನ್ನು ಬೇರೆ ಥರ ಬರೆಯುತ್ತದೆ, ಆ ವ್ಯತ್ಯಾಸ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮಾಸ್ಕಿನ ಅಂಚೂ ಕ್ರಾಪ್ ಜೊತೆಗೇ ತೇಲಾಡುತ್ತದೆ.

ಹಾಗಾಗಿ ಇಡೀ ಶಾಟ್‌ನ ಬಿಂದುಗಳನ್ನು ಮೊದಲೇ ಸಂಗ್ರಹಿಸಿ, ಸಿಗದ ಫ್ರೇಮುಗಳನ್ನು ಅಕ್ಕಪಕ್ಕದವುಗಳಿಂದ ತುಂಬಿ, ಆಮೇಲೆ ನಯಗೊಳಿಸಿ:

```python
from scipy.signal import savgol_filter
# pts: (N, 5, 2)
pts_s = savgol_filter(pts, 9, 2, axis=0)
```

ಇದು ಹಿಂದಿನ ಮತ್ತು ಮುಂದಿನ ಫ್ರೇಮುಗಳೆರಡನ್ನೂ ನೋಡುವುದರಿಂದ ಮುಖ ತಲೆಗಿಂತ ಹಿಂದೆ ಬೀಳುವುದಿಲ್ಲ. ಹಿಂದಿನ ಫ್ರೇಮುಗಳ ಸರಾಸರಿಯನ್ನಷ್ಟೇ ಬಳಸಿದರೆ ವೇಗದ ತಿರುವಿನಲ್ಲಿ ಮುಖ ಜಾರುತ್ತದೆ. ಕಿಟಕಿ, ಅಂದರೆ ಒಮ್ಮೆಗೆ ನೋಡುವ ಫ್ರೇಮುಗಳ ಸಂಖ್ಯೆ, 9 ಇದ್ದರೆ ಫ್ರೇಮಿಂದ ಫ್ರೇಮಿಗೆ ಬರುವ ಯಾದೃಚ್ಛಿಕ ಅಲುಗಾಟ ಸುಮಾರು ಅರ್ಧಕ್ಕಿಳಿಯುತ್ತದೆ. 5 ಇಟ್ಟರೆ ಶೇ. 70ರಷ್ಟು ಉಳಿಯುತ್ತದೆ, ಆದರೆ ಹೊಡೆದಾಟದಂಥ ವೇಗದ ಚಲನೆಗೆ ಅದೇ ಸುರಕ್ಷಿತ. ಕಟ್ ಇರುವಲ್ಲಿ ಶಾಟ್ ಬೇರೆ ಮಾಡಿಯೇ ಇದನ್ನು ಓಡಿಸಿ. ಕತ್ತರಿಸಲು, ಅಂಟಿಸಲು ಎರಡಕ್ಕೂ `pts_s`ನಿಂದ ಬಂದ ಮ್ಯಾಟ್ರಿಕ್ಸನ್ನೇ ಬಳಸಿ.

ಇಷ್ಟಾದರೂ ಪಾತ್ರ ಮಾತಾಡುವಾಗ ಮುಖ ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತಿದ್ದರೆ, ಅದಕ್ಕೆ ಬಾಯಿಯ ಕೊನೆಗಳು ಕಾರಣ. ಬಾಯಿ ತೆರೆದಾಗ ಅವು ಕೆಳಗಿಳಿಯುತ್ತವೆ, ಲೆಕ್ಕಾಚಾರ ಅದನ್ನು ಮುಖವೇ ದೊಡ್ಡದಾಯಿತು ಎಂದು ಓದಿಕೊಳ್ಳುತ್ತದೆ. ಇದು ನಿಧಾನದ ಚಲನೆ, ಫಿಲ್ಟರ್ ಅದನ್ನು ಹಿಡಿಯಲಾರದು. ಮ್ಯಾಟ್ರಿಕ್ಸ್ ಹೊಂದಿಸುವಾಗ ಕಣ್ಣು ಮೂಗಿಗೆ ತೂಕ 1, ಬಾಯಿಗೆ 0.2 ಕೊಡಿ. ಸೊನ್ನೆ ಮಾತ್ರ ಬೇಡ. ಪಕ್ಕಕ್ಕೆ ತಿರುಗಿದಾಗ ಎರಡು ಕಣ್ಣುಗಳ ಅಂತರ ತೀರಾ ಕಿರಿದಾಗುತ್ತದೆ, ಆಗ ಅಳತೆಗೆ ಆಧಾರ ಬಾಯಿಯೇ.

ಕಣ್ಣಂದಾಜು ಸಾಲದು, ಪರೀಕ್ಷಿಸಿ. ಮುಖ ಬದಲಿಸಿದ ವಿಡಿಯೋವನ್ನು `pts_s` ಪ್ರಕಾರ ಕತ್ತರಿಸಿ, ಆ ಕ್ರಾಪ್‌ಗಳಿಂದ ಕಣ್ಣಿನ ಮಟ್ಟದ ಒಂದೇ ಅಡ್ಡ ಸಾಲು ಪಿಕ್ಸೆಲ್ ತೆಗೆದು, ಫ್ರೇಮ್ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಿ. 100 ಫ್ರೇಮಿನ ಶಾಟ್‌ಗೆ 100 ಸಾಲಿನ ಒಂದು ಚಿತ್ರ ಸಿಗುತ್ತದೆ. ಕಣ್ಣಿನ ಅಂಚು ಗರಗಸದ ಹಲ್ಲಿನಂತೆ ಕಂಡರೆ ಅದು ನಡುಕ. ಅಂಚು ನೇರವಾಗಿದ್ದು ಅಡ್ಡಡ್ಡ ಪಟ್ಟೆಗಳು ಕಂಡರೆ ಅದು ಬಣ್ಣದ ಮಿನುಗು.

ಪಟ್ಟೆಗಳು ಹೆಚ್ಚಾಗಿ ಬಣ್ಣ ಹೊಂದಿಸುವ ಹಂತದಿಂದ ಬರುತ್ತವೆ. ಪ್ರತಿ ಫ್ರೇಮಿಗೂ ಸರಾಸರಿ ಬಣ್ಣವನ್ನು ಹೊಸದಾಗಿ ಲೆಕ್ಕ ಹಾಕಿದರೆ, ಮುಖದ ಮುಂದೆ ಕೈ ಹಾದ ಕ್ಷಣ ಕೆನ್ನೆಯ ಬಣ್ಣವೂ ಬದಲಾಗುತ್ತದೆ. ಕೈ, ಕೂದಲನ್ನು ಲೆಕ್ಕದಿಂದ ಹೊರಗಿಟ್ಟು, ಸುಮಾರು 15 ಫ್ರೇಮಿನ ಸರಾಸರಿ ಬಳಸಿ. ದೀಪ ನಿಜಕ್ಕೂ ಮಿಂಚುವ ದೃಶ್ಯವಾದರೆ ಕಿಟಕಿ ಚಿಕ್ಕದಾಗಿಸಿ, ಇಲ್ಲದಿದ್ದರೆ ಮುಖ ಬೆಳಕಿಗೆ ತಡವಾಗಿ ಸ್ಪಂದಿಸುತ್ತದೆ. ಇನ್ನು ಚರ್ಮದ ರಂಧ್ರಗಳು ಕುದಿಯುವಂತೆ ಕಾಣುವುದು GFPGAN, CodeFormer ಥರದ ಮುಖ ಚೊಕ್ಕಗೊಳಿಸುವ ಮಾಡೆಲ್‌ನ ಕೆಲಸ. ಅದಕ್ಕೆ ಹಿಂದಿನ ಫ್ರೇಮಿನ ನೆನಪಿಲ್ಲ, ಪ್ರತಿ ಸಲವೂ ಹೊಸ ಚರ್ಮ ಕಲ್ಪಿಸಿಕೊಳ್ಳುತ್ತದೆ. ಅದರ ಫಲಿತಾಂಶವನ್ನು ಚೊಕ್ಕಗೊಳಿಸುವ ಮುಂಚಿನ ಬದಲಿ ಮುಖದ ಜೊತೆ ಅರ್ಧಂಬರ್ಧ ಬೆರೆಸಿ, ಮೇಲೆ ಚಿತ್ರದ್ದೇ ಗ್ರೇನ್ ಹಾಕಿ. ಪೂರ್ತಿ ಚೊಕ್ಕವಾದ ಮುಖಕ್ಕಿಂತ ಸ್ವಲ್ಪ ಮೃದುವಾದ, ಅಲುಗದ ಮುಖವೇ ನನ್ನ ಆಯ್ಕೆ.

ಚಹರೆ ಬದಲಾಗದಿರಲು ನಟನ ಎಂಬೆಡಿಂಗ್, ಅಂದರೆ ಮುಖದ ಗುರುತನ್ನು ಹಿಡಿದಿಡುವ ಸಂಖ್ಯೆಗಳ ಸಾಲು, ಒಂದೇ ಸಲ ಮಾಡಿ: ಬೇರೆ ಬೇರೆ ಕೋನದ ಹತ್ತು ಫೋಟೋಗಳಿಂದ ತೆಗೆದು, ಒಂದೊಂದನ್ನೂ ನಾರ್ಮಲೈಸ್ ಮಾಡಿ, ಸರಾಸರಿ ಹಿಡಿದು, ಮತ್ತೆ ನಾರ್ಮಲೈಸ್ ಮಾಡಿ ಇಡೀ ಶಾಟ್‌ಗೆ ಅದನ್ನೇ ಕೊಡಿ. ಪ್ರತಿ ಫ್ರೇಮಿನ ಫಲಿತಾಂಶಕ್ಕೂ ಇದಕ್ಕೂ ಇರುವ ಕೊಸೈನ್ ಹೋಲಿಕೆಯ ಗ್ರಾಫ್ ಹಾಕಿ ನೋಡಿ. ತಲೆ ತಿರುಗಿದಂತೆ ನಿಧಾನವಾಗಿ ಇಳಿಯುವುದು ಸಹಜ, ನಟನ ಅಸಲಿ ಪಕ್ಕನೋಟವೂ ಕಡಿಮೆಯೇ ತೋರಿಸುತ್ತದೆ. ಒಂದೆರಡು ಫ್ರೇಮಿನಲ್ಲಿ ತಟ್ಟನೆ ಕುಸಿದರೆ ಅಲ್ಲಿ ಬಿಂದುಗಳು ತಪ್ಪಿವೆ, ಕೈಯಾರೆ ಸರಿಪಡಿಸಿ. ಪೂರ್ತಿ ಪಕ್ಕನೋಟಕ್ಕೆ 128ರ ಮಾಡೆಲ್ ನೆಚ್ಚಿಕೊಳ್ಳಬೇಡಿ. ಅಷ್ಟು ಫ್ರೇಮುಗಳಲ್ಲಿ ಡ್ಯೂಪ್ ಮುಖವನ್ನೇ ಬಿಟ್ಟು, ತಿರುವಿನ ನಡುವೆ 4–6 ಫ್ರೇಮಿನಲ್ಲಿ ಕರಗಿಸಿ ದಾಟಿಸಿ.