ಮಿಲಿಯನ್ ಲಕ್ಷವಾದರೆ ಹಿಡಿಯುವುದು ಹೇಗೆ? ಯಂತ್ರಾನುವಾದದ ವಾರ್ಷಿಕ ವರದಿಯಲ್ಲಿ ಅಂಕಿ ತಾಳೆ ನೋಡುವ ಕೆಲಸ

ಪ್ರಶ್ನೆ: ಒಂದು ಕಂಪನಿಯ ಇಂಗ್ಲಿಷ್ ವಾರ್ಷಿಕ ವರದಿಯನ್ನು ಮೆಷಿನ್ ಟ್ರಾನ್ಸ್‌ಲೇಶನ್‌ಗೆ ಹಾಕಿ ಕನ್ನಡ ಮಾಡಿದ್ದಾರೆ. ಪರಿಶೀಲನೆ ನನ್ನ ಪಾಲಿಗೆ ಬಂದಿದೆ. ಭಾಷೆ ತಿದ್ದಬಲ್ಲೆ, ಅಂಕಿಗಳದ್ದೇ ಭಯ. ಮೂಲ ಮಿಲಿಯನ್‌ನಲ್ಲಿದೆ, ಅನುವಾದದಲ್ಲಿ ಕೆಲವು ಕಡೆ ಲಕ್ಷ ಅಂತಿದೆ, ಬ್ರಾಕೆಟ್‌ಗಳು ಅಲ್ಲಲ್ಲಿ ಮಾಯವಾಗಿವೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಮಿಲಿಯನ್ನನ್ನು ಲಕ್ಷಕ್ಕೋ ಕೋಟಿಗೋ ಬದಲಾಯಿಸಬೇಕು ಎಂದು ಕೆಲಸ ಕೊಟ್ಟವರು ಬರವಣಿಗೆಯಲ್ಲಿ ಕೇಳಿದ್ದಾರಾ? ಕೇಳಿಲ್ಲ ಅಂದರೆ ಬದಲಾಯಿಸಬೇಡಿ. ಮೂಲದಲ್ಲಿ ಮಿಲಿಯನ್ ಇದ್ದರೆ ಕನ್ನಡದಲ್ಲೂ ಮಿಲಿಯನ್ನೇ ಇರಲಿ. ಓದುವವರಿಗೆ ಕೋಟಿ ಸುಲಭ, ನಿಜ. ಆದರೆ ವರದಿ ಕಂಪನಿಯದ್ದು. ಕಂಪನಿ ಕಾಯ್ದೆ 2013ರ ಮೂರನೇ ಶೆಡ್ಯೂಲ್ ಲಕ್ಷಕ್ಕೂ ಅವಕಾಶ ಕೊಡುತ್ತದೆ, ಮಿಲಿಯನ್‌ಗೂ ಕೊಡುತ್ತದೆ. ಒಂದು ಅಳತೆ ಹಿಡಿದರೆ ಹಣಕಾಸು ಪಟ್ಟಿಗಳ ಉದ್ದಕ್ಕೂ ಅದನ್ನೇ ಬಳಸಬೇಕು ಎನ್ನುತ್ತದೆ ಅಷ್ಟೆ. ನೀವು ನಡುವೆ ಒಂದು ಕೋಷ್ಟಕವನ್ನು ಮಾತ್ರ ಕೋಟಿಗೆ ತಿರುಗಿಸಿದರೆ ಆ ಒಗ್ಗಟ್ಟೇ ಕೆಡುತ್ತದೆ.

ಈಗ ಅಪಾಯಕ್ಕೆ ಬರೋಣ. ಯಂತ್ರ ಸಾಮಾನ್ಯವಾಗಿ ಕೋಷ್ಟಕದೊಳಗಿನ ಅಂಕಿಯನ್ನು ಮುಟ್ಟುವುದಿಲ್ಲ. ಮೇಲಿನ ‘₹ ಮಿಲಿಯನ್‌ಗಳಲ್ಲಿ’ ಎಂಬ ಒಂದು ಸಾಲನ್ನು ‘₹ ಲಕ್ಷಗಳಲ್ಲಿ’ ಮಾಡಿಬಿಡುತ್ತದೆ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. ಹಾಗಾಗಿ ಆ ಒಂದು ಪದದಿಂದ ಇಡೀ ಪುಟ ಹತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ. ವಾಕ್ಯಗಳಲ್ಲೂ ಹೀಗೇ. ಆದಾಯ 12,480 ಮಿಲಿಯನ್ ಅಂತ ಮೂಲದಲ್ಲಿದ್ದರೆ ಕನ್ನಡದಲ್ಲಿ ‘12,480 ಲಕ್ಷ’ ಎಂದು ಬಂದಿರುತ್ತದೆ. ಲಕ್ಷದಲ್ಲಿ ಹೇಳುವುದೇ ಆದರೆ ಅದು 1,24,800 ಲಕ್ಷ ಆಗಬೇಕು, ಕೋಟಿಯಲ್ಲಿ 1,248 ಕೋಟಿ.

ಈ ತಪ್ಪು ಸಿಕ್ಕಿಬೀಳದೆ ಉಳಿಯುವುದಕ್ಕೆ ಕಾರಣ ಇದೆ. ಕೂಡಿಸಿ ನೋಡಿದರೆ ಟೋಟಲ್ ಸರಿಯಾಗೇ ಬರುತ್ತದೆ, ಯಾಕೆಂದರೆ ಎಲ್ಲ ಅಂಕಿಗಳೂ ಒಂದೇ ಪ್ರಮಾಣದಲ್ಲಿ ತಪ್ಪಿವೆ. ಶೇಕಡಾವಾರೂ ಸರಿಯಾಗೇ ಇರುತ್ತದೆ. ಕಾಮಾ ನೋಡಿ ಗುರುತಿಸೋಣ ಅಂದರೆ ಅದೂ ಆಗುವುದಿಲ್ಲ. 12,480 ಅನ್ನುವುದನ್ನು ನಮ್ಮ ಪದ್ಧತಿಯಲ್ಲಿ ಬರೆದರೂ ಪಾಶ್ಚಾತ್ಯ ಪದ್ಧತಿಯಲ್ಲಿ ಬರೆದರೂ ಒಂದೇ ಥರ ಕಾಣುತ್ತದೆ. 1,24,800 ಮತ್ತು 124,800 ಅಂತ ವ್ಯತ್ಯಾಸ ಕಾಣುವುದು ಆರಂಕಿ ಮುಟ್ಟಿದ ಮೇಲೆ. ಮಿಲಿಯನ್‌ನಲ್ಲಿ ಬರೆದ ಮಧ್ಯಮ ಗಾತ್ರದ ಕಂಪನಿಯ ವರದಿಯಲ್ಲಿ ಆರಂಕಿ ಬರುವುದೇ ಅಪರೂಪ.

ಹಾಗಾದರೆ ಏನು ಮಾಡುವುದು? ಶೀರ್ಷಿಕೆಯನ್ನು ನೆಚ್ಚದೆ ತಾನಾಗಿಯೇ ನಿಲ್ಲುವ ಒಂದು ಅಂಕಿ ಬೇಕು. ಅದು ಷೇರು ಬಂಡವಾಳದ ಟಿಪ್ಪಣಿಯಲ್ಲಿ ಸಿಗುತ್ತದೆ. ಅಲ್ಲಿ ಷೇರುಗಳ ಸಂಖ್ಯೆ ಸಾಮಾನ್ಯವಾಗಿ ಪೂರ್ತಿಯಾಗಿ ಇರುತ್ತದೆ, ಮುಖಬೆಲೆ ರೂಪಾಯಿಯಲ್ಲಿ ಇರುತ್ತದೆ. ಉದಾಹರಣೆಗೆ ತಲಾ ₹10ರ 6,42,30,000 ಷೇರುಗಳು ಎಂದಿಟ್ಟುಕೊಳ್ಳಿ. ಗುಣಿಸಿದರೆ ₹64,23,00,000. ಪಕ್ಕದ ಕೋಷ್ಟಕದಲ್ಲಿ ಷೇರು ಬಂಡವಾಳ 642.3 ಅಂತಿದ್ದರೆ ಅಳತೆ ಮಿಲಿಯನ್. 6,423 ಅಂತಿದ್ದರೆ ಲಕ್ಷ, 64.23 ಅಂತಿದ್ದರೆ ಕೋಟಿ. ಅನುವಾದದ ಶೀರ್ಷಿಕೆ ‘ಲಕ್ಷಗಳಲ್ಲಿ’ ಅನ್ನುತ್ತಿದ್ದು ಅಂಕಿ 642.3 ಇದ್ದರೆ ಅಲ್ಲೇ ಸಿಕ್ಕಿಬಿತ್ತು.

ಎರಡನೇ ಸಾಕ್ಷಿ ಬೇಕಿದ್ದರೆ ಇಪಿಎಸ್, ಅಂದರೆ ಪ್ರತಿ ಷೇರಿನ ಗಳಿಕೆ, ನೋಡಿ. ಲಾಭ 1,284.6 ಮಿಲಿಯನ್, ಸರಾಸರಿ ಷೇರುಗಳು 64.23 ಮಿಲಿಯನ್ ಎಂದರೆ ಇಪಿಎಸ್ ₹20. ಲಾಭವನ್ನು ಲಕ್ಷ ಅಂತ ಓದಿದರೆ ಅದು ₹2 ಆಗುತ್ತದೆ, ವರದಿಯಲ್ಲಿರುವ 20ಕ್ಕೆ ಹೊಂದುವುದಿಲ್ಲ. ಇಲ್ಲೇ ಇನ್ನೊಂದು ಸಣ್ಣ ವಿಷಯ: ಶೀರ್ಷಿಕೆಯ ಕೊನೆಯಲ್ಲಿ ‘ಬೇರೆ ರೀತಿ ಹೇಳಿದ ಕಡೆ ಬಿಟ್ಟು’ ಎಂಬ ಅರ್ಥದ ತುಣುಕು ಇರುತ್ತದೆ. ಅನುವಾದದಲ್ಲಿ ಅದು ಬಿಟ್ಟುಹೋಗಿದ್ದರೆ ಇಪಿಎಸ್ ಕೂಡ ಮಿಲಿಯನ್‌ನಲ್ಲಿದೆ ಅಂತ ಅರ್ಥ ಬರುತ್ತದೆ. ಹಾಸ್ಯ ಅನ್ನಿಸಬಹುದು, ಆದರೆ ಅಚ್ಚಾದ ಮೇಲೆ ನಗು ಬರುವುದಿಲ್ಲ.

ಇನ್ನು ಬ್ರಾಕೆಟ್. ಹಣಕಾಸು ಪಟ್ಟಿಯಲ್ಲಿ (412.8) ಅಂದರೆ ಮೈನಸ್ 412.8. ಬ್ರಾಕೆಟ್ ಹೋಯಿತೆಂದರೆ ಹೊರಗೆ ಹೋದ ಹಣ ಒಳಗೆ ಬಂದ ಹಾಗೆ. ಇದನ್ನು ಹಿಡಿಯುವುದು ಸುಲಭ, ಯಾಕೆಂದರೆ ಟೋಟಲ್ ಒಡೆಯುತ್ತದೆ. ಒಂದು ಕ್ಯಾಶ್ ಫ್ಲೋ ಪಟ್ಟಿ ತೆಗೆದುಕೊಳ್ಳಿ. ವ್ಯವಹಾರದಿಂದ ಬಂದ ನಗದು 1,846.3. ಹೂಡಿಕೆಗೆ ಹೋದದ್ದು (1,210.5). ಸಾಲ, ಡಿವಿಡೆಂಡ್ ಇತ್ಯಾದಿಗೆ ಹೋದದ್ದು (412.8). ನಿವ್ವಳ ಏರಿಕೆ 223.0. ಅನುವಾದದಲ್ಲಿ ಮೂರನೇ ಸಾಲು ಬರೀ 412.8 ಎಂದಾಗಿದೆ ಅನ್ನೋಣ. ಕೂಡಿಸಿದರೆ 1,048.6 ಬರುತ್ತದೆ. ಅಚ್ಚಾಗಿರುವ 223.0ಕ್ಕೂ ಇದಕ್ಕೂ ವ್ಯತ್ಯಾಸ 825.6. ಅದರ ಅರ್ಧ 412.8. ಹೀಗೆ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ, ಬಂದ ಅಂಕಿಯನ್ನು ಪಟ್ಟಿಯಲ್ಲಿ ಹುಡುಕಿ. ಸಿಕ್ಕಿದರೆ ಆ ಸಾಲಿನ ಬ್ರಾಕೆಟ್ ಬಿದ್ದಿದೆ. ಸಿಗದಿದ್ದರೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ. ದಶಾಂಶ ಚುಕ್ಕೆ ಬಿಟ್ಟು ನೋಡಿದಾಗ ಪೂರ್ತಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲು ಬದಲಾಗಿರುವ ಸಾಧ್ಯತೆ ಜಾಸ್ತಿ.

ಎಕ್ಸೆಲ್‌ಗೆ ಅಂಟಿಸಿ ಕೂಡಿಸುವವರು ಒಂದು ಎಚ್ಚರ ಇಟ್ಟುಕೊಳ್ಳಿ. (412.8) ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಮೈನಸ್ ಅಂತ ತಿಳಿಯುತ್ತದೆ, ಒಳ್ಳೆಯದೇ. ಆದರೆ ಪಿಡಿಎಫ್‌ನಿಂದ ನಕಲು ಮಾಡುವಾಗ ಅಂಕಿಯ ಜೊತೆ ಕಣ್ಣಿಗೆ ಕಾಣದ ಸ್ಪೇಸ್ ಸೇರಿಕೊಂಡರೆ ಅದು ಅಂಕಿಯಲ್ಲ, ಪಠ್ಯ ಆಗಿ ಕೂರುತ್ತದೆ. `SUM` ಅದನ್ನು ಏನೂ ಹೇಳದೆ ಬಿಟ್ಟುಬಿಡುತ್ತದೆ. ಪಕ್ಕದ ಕಾಲಂನಲ್ಲಿ `=ISNUMBER(B4)` ಹಾಕಿ ಎಲ್ಲ ಸಾಲೂ `TRUE` ಬರುತ್ತದಾ ನೋಡಿ.

ಟೋಟಲ್‌ಗೂ ಸಿಗದ ಬ್ರಾಕೆಟ್ ತಪ್ಪು ಒಂದಿದೆ. ನನ್ನ ಪ್ರಕಾರ ಇಡೀ ವರದಿಯಲ್ಲಿ ಅತಿ ಕೆಟ್ಟದ್ದು ಅದೇ. ಕ್ಯಾಶ್ ಫ್ಲೋನಲ್ಲಿ ಗ್ರಾಹಕರಿಂದ ಬರಬೇಕಾದ ಬಾಕಿಯ ಸಾಲಿಗೆ ‘(ಏರಿಕೆ)/ಇಳಿಕೆ’ ಎಂಬ ಹೆಸರಿರುತ್ತದೆ. ಬಾಕಿ ಏರಿದರೆ ಹಣ ಇನ್ನೂ ಕೈಗೆ ಬಂದಿಲ್ಲ ಎಂದರ್ಥ, ಅದಕ್ಕೇ ಏರಿಕೆಗೆ ಬ್ರಾಕೆಟ್. ಅದೇ ಪಟ್ಟಿಯಲ್ಲಿ ಎರಡು ಸಾಲು ಕೆಳಗೆ, ಸರಬರಾಜುದಾರರಿಗೆ ನಾವು ಕೊಡಬೇಕಾದ ಬಾಕಿಗೆ ‘ಏರಿಕೆ/(ಇಳಿಕೆ)’ ಅಂತಿರುತ್ತದೆ. ಅಲ್ಲಿ ಏರಿಕೆ ಎಂದರೆ ಹಣ ನಮ್ಮ ಕೈಯಲ್ಲೇ ಉಳಿದಿದೆ. ಯಂತ್ರ ಈ ಎರಡನ್ನೂ ಒಂದೇ ಥರ ಮಾಡಿಬಿಡಬಹುದು, ಇಲ್ಲವೇ ಬ್ರಾಕೆಟ್ ಕಿತ್ತು ಬರೀ ‘ಏರಿಕೆ/ಇಳಿಕೆ’ ಅಂತ ಬರೆಯಬಹುದು. ಅಂಕಿ ಒಂದೂ ಬದಲಾಗಿಲ್ಲ, ಟೋಟಲ್ ಸರಿ. ಆದರೂ ಓದುವವರಿಗೆ ಅರ್ಥ ತಲೆಕೆಳಗು.

ಇದಕ್ಕೆ ಬ್ಯಾಲೆನ್ಸ್ ಶೀಟೇ ಮದ್ದು. ಕ್ಯಾಶ್ ಫ್ಲೋನಲ್ಲಿ ಗ್ರಾಹಕರ ಬಾಕಿಯ ಸಾಲು (186.2) ಎಂದಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಆ ಬಾಕಿ ಹೋದ ವರ್ಷ 1,402.7, ಈ ವರ್ಷ 1,588.9. ಅಂದರೆ ಏರಿದೆ, 186.2 ಏರಿದೆ. ಹಾಗಾದರೆ ಬ್ರಾಕೆಟ್ ಇರಬೇಕಾದದ್ದು ‘ಏರಿಕೆ’ಗೆ. ನಿಜವಾದ ವರದಿಗಳಲ್ಲಿ ಮೊತ್ತ ಇಷ್ಟು ಕರಾರುವಾಕ್ಕಾಗಿ ಕೂಡಿಬರುವುದಿಲ್ಲ. ಬಾರದ ಸಾಲಕ್ಕೆ ತೆಗೆದಿಟ್ಟ ಹಣ, ವಿದೇಶಿ ವಿನಿಮಯದ ಏರಿಳಿತ ಅಂತ ಏನೋ ಸೇರಿರುತ್ತದೆ. ನಿಮಗೆ ಮೊತ್ತ ಬೇಡ, ದಿಕ್ಕು ಸಾಕು. ‘ಲಾಭ/(ನಷ್ಟ)’ ಎಂಬ ಸಾಲಿಗೂ ಇದೇ ಕಾಳಜಿ ಇರಲಿ.

ವಾಕ್ಯಗಳಲ್ಲಿ ದಿಕ್ಕು ತಪ್ಪುವುದು ಇನ್ನೊಂದು ಬಗೆ. ಇಂಗ್ಲಿಷ್‌ನಲ್ಲಿ ಈ ವರ್ಷದ ಅಂಕಿ ಮೊದಲು, ಹೋದ ವರ್ಷದ್ದು ಆಮೇಲೆ ಬರುವುದು ಹೆಚ್ಚು. ಕನ್ನಡದಲ್ಲಿ ‘11,200ರಿಂದ 12,480ಕ್ಕೆ ಏರಿದೆ’ ಅಂತ ತಿರುಗಿಸಬೇಕು, ಅಲ್ವಾ? ಯಂತ್ರ ವಿಭಕ್ತಿಯನ್ನು ಸೇರಿಸಿ ಅಂಕಿಗಳನ್ನು ಇದ್ದಲ್ಲೇ ಬಿಟ್ಟರೆ ‘12,480ರಿಂದ 11,200ಕ್ಕೆ ಏರಿದೆ’ ಆಗುತ್ತದೆ. ‘ಶೇ. -4.2ರಷ್ಟು ಇಳಿಕೆ’ ಥರದ್ದನ್ನೂ ಗಮನಿಸಿ. ಇಳಿಕೆ ಅಂದ ಮೇಲೆ ಮೈನಸ್ ಬೇಡ.

ಇಷ್ಟು ತಲೆ ಉಪಯೋಗಿಸುವ ಕೆಲಸ. ಉಳಿದದ್ದನ್ನು ಕಣ್ಣಿಂದ ಮಾಡಬೇಡಿ. ಎರಡೂ ಭಾಷೆಯ ಪಠ್ಯವನ್ನು ಫೈಲ್‌ಗೆ ಹಾಕಿ, ಎರಡರಲ್ಲೂ ಅವೇ ಅಂಕಿಗಳು ಅಷ್ಟೇ ಸಲ ಇವೆಯಾ ಎಂದು ಪೈಥಾನ್‌ನಲ್ಲಿ ಹೋಲಿಸಿ:

```python
import re
from collections import Counter

def nums(path):
    s = open(path, encoding="utf-8").read()
    c = Counter()
    for t in re.findall(r"\(?-?\d[\d,]*(?:\.\d+)?\)?", s):
        v = float(t.strip("()").replace(",", ""))
        if t[0] == "(" and t[-1] == ")":
            v = -v
        c[v] += 1
    return c

a, b = nums("en.txt"), nums("kn.txt")
print("ಕಾಣೆ:", a - b)
print("ಹೊಸದು:", b - a)
```

ಕಾಮಾ ತೆಗೆದು ಹೋಲಿಸುವುದರಿಂದ 1,24,800 ಮತ್ತು 124,800 ಒಂದೇ ಎಂದು ಲೆಕ್ಕ. ೧೨.೫ ಎಂದು ಕನ್ನಡ ಅಂಕಿಯಲ್ಲಿ ಬಂದಿದ್ದರೂ ಪೈಥಾನ್ ಅದನ್ನು 12.5 ಅಂತಲೇ ಓದುತ್ತದೆ. ಬ್ರಾಕೆಟ್ ಬಿದ್ದ ಕಡೆ ‘ಕಾಣೆ’ಯಲ್ಲಿ -412.8, ‘ಹೊಸದು’ ಪಟ್ಟಿಯಲ್ಲಿ 412.8 ಜೋಡಿಯಾಗಿ ಕಾಣಿಸುತ್ತವೆ. ಇಂಗ್ಲಿಷ್‌ನಲ್ಲಿ ಅಕ್ಷರದಲ್ಲಿ ಬರೆದ ಮೂರು, ಐದು ಇತ್ಯಾದಿ ಅನುವಾದದಲ್ಲಿ ಅಂಕಿಯಾಗಿದ್ದರೆ ಅವೂ ಸುಮ್ನೆ ಪಟ್ಟಿಗೆ ಬರುತ್ತವೆ, ಅವನ್ನು ದಾಟಿಹೋಗಿ. ಅಳತೆ ತಪ್ಪಿದ್ದು, ಸಾಲಿನ ಹೆಸರು ತಿರುಚಿದ್ದು, ಎರಡು ವರ್ಷದ ಕಾಲಂ ಅದಲು ಬದಲಾದದ್ದು ಇದಕ್ಕೆ ಕಾಣುವುದಿಲ್ಲ. ಅದಕ್ಕೇ ಮೇಲಿನ ಕೈಲೆಕ್ಕವನ್ನು ಮೊದಲು ಹೇಳಿದ್ದು.

ಕೋಷ್ಟಕದಲ್ಲಿ ಬರೀ ಗೆರೆ ‘–’ ಇದ್ದರೆ ಅದು ಸೊನ್ನೆ, ಮೈನಸ್ ಅಲ್ಲ. ಪಕ್ಕದ ಅಂಕಿಗೆ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳಿ.

ಕೊನೆಗೆ, ಟೋಟಲ್ 0.1ರಷ್ಟು ತಪ್ಪಿದ್ದು ಮೂಲದಲ್ಲೂ ಹಾಗೇ ಇದ್ದರೆ ಅದು ರೌಂಡಿಂಗ್ ಮಾಡುವಾಗ ಆದದ್ದು, ಬಿಟ್ಟುಬಿಡಿ. ಅದಕ್ಕಿಂತ ದೊಡ್ಡ ವ್ಯತ್ಯಾಸ ಮೂಲದಲ್ಲೇ ಇದ್ದರೂ ನೀವಾಗಿ ತಿದ್ದಬೇಡಿ. ಇಂಗ್ಲಿಷ್ ಪ್ರತಿಗೆ ಆಡಿಟರ್ ಸಹಿ ಹಾಕಿರುತ್ತಾರೆ. ಕನ್ನಡದಲ್ಲಿ ಮೂಲದ ಅಂಕಿಯನ್ನೇ ಇಟ್ಟು, ಪುಟ ಮತ್ತು ಸಾಲಿನ ಸಂಖ್ಯೆ ಬರೆದು ಕೆಲಸ ಕೊಟ್ಟವರಿಗೆ ಪ್ರತ್ಯೇಕವಾಗಿ ಕಳಿಸಿ.