ಹತ್ತು ಚಿತ್ರ ಹಾಕಿದರೂ ಒಬ್ಬರೂ ಒಣದ್ರಾಕ್ಷಿ ಕೇಳಲಿಲ್ಲ

ನಮ್ಮ ಗುಂಪಿಗೆ ತಿಕೋಟಾದಿಂದ ಬಂದ ಪ್ರಶ್ನೆ: "ಮೂರು ಎಕರೆ ದ್ರಾಕ್ಷಿ ಇದೆ. ಈ ವರ್ಷ ಒಣದ್ರಾಕ್ಷಿಯಲ್ಲಿ ಸ್ವಲ್ಪ ಭಾಗವನ್ನು ದಲಾಲರಿಗೆ ಕೊಡದೆ ಅರ್ಧ ಕಿಲೋ ಪೊಟ್ಟಣ ಮಾಡಿ ನೇರವಾಗಿ ಮಾರಬೇಕೆಂದು ಇನ್‌ಸ್ಟಾಗ್ರಾಮ್‌ನಲ್ಲಿ ಹತ್ತು ಚಿತ್ರಗಳ ಕ್ಯಾರೊಸೆಲ್ ಹಾಕಿದೆ. ಬಳಗದವರು ಲೈಕ್ ಕೊಟ್ಟರು, ಕೊಳ್ಳುವವರು ಯಾರೂ ಬರಲಿಲ್ಲ. ಮೊದಲ ಚಿತ್ರ, ಕೊನೆಯ ಚಿತ್ರ ಹೇಗಿರಬೇಕು? ಒಟ್ಟು ಎಷ್ಟು ಹಾಕಬೇಕು?"

ತಮ್ಮಾ, ನಿನ್ನ ಪೋಸ್ಟನ್ನು ಎರಡು ಸಲ ಸರಿಸಿ ಸರಿಸಿ ನೋಡಿದೆ. ನಾನು ಜಮಖಂಡಿಯಲ್ಲಿ ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು. ಫ್ಲೆಕ್ಸ್ ಬಂದು ಕುಂಚ ಮೂಲೆಗೆ ಸೇರಿದ ಮೇಲೆ ನಾಲ್ಕಾರು ರೈತರ ಪುಟಗಳಿಗೆ ಇಂಥ ಸ್ಲೈಡುಗಳನ್ನು ಮಾಡಿಕೊಡುತ್ತಿದ್ದೇನೆ. ನಿನ್ನ ಫೋಟೋಗಳಲ್ಲಿ ತಪ್ಪಿಲ್ಲ. ತೋಟ, ಗೊನೆ, ಶೆಡ್ಡು, ಪೊಟ್ಟಣ ಎಲ್ಲವೂ ಚೆನ್ನಾಗಿ ಬಂದಿವೆ. ಆದರೆ ಅವು ಹತ್ತು ಬೇರೆ ಬೇರೆ ಫೋಟೋಗಳಾಗಿಯೇ ಉಳಿದಿವೆ. ಮೂರನೆಯದನ್ನು ಏಳನೆಯ ಜಾಗದಲ್ಲಿಟ್ಟರೂ ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕತೆಯಿದ್ದರೆ ಹಾಗೆ ಅದಲುಬದಲು ಮಾಡಲು ಬರುವುದಿಲ್ಲ. ಸ್ಲೈಡುಗಳು ಸರಿಯಾಗಿವೆಯೇ ಎಂದು ನಾನು ಪರೀಕ್ಷಿಸುವುದೂ ಹೀಗೆಯೇ: ಎರಡನ್ನು ಅದಲುಬದಲು ಮಾಡಿ ಮನೆಯವರಿಗೆ ತೋರಿಸುತ್ತೇನೆ. ಯಾರೂ ಹುಬ್ಬೇರಿಸದಿದ್ದರೆ ಮತ್ತೆ ಮೊದಲಿನಿಂದ ಕೂಡಿಸುತ್ತೇನೆ.

ಎಣಿಕೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಇಂಡಿ ಊರಿನ ಲಿಂಬೆ ಬೆಳೆಗಾರರು ಗುಂಪಿನಲ್ಲಿ ನಿನಗೆ "ಹತ್ತಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಎಲ್ಲವೂ ಚೌಕವಾಗಿರಬೇಕು" ಎಂದು ಬರೆದಿದ್ದಾರೆ. ಹತ್ತರ ಮಿತಿ ನಿಜವಾಗಿಯೂ ಇತ್ತು, ಆದರೆ 2024ರ ಆಗಸ್ಟ್‌ನಿಂದ 20ರವರೆಗೆ ಹಾಕಬಹುದು. ಚೌಕವೇ ಆಗಬೇಕೆಂಬ ಕಟ್ಟಳೆಯೂ ಈಗಿಲ್ಲ. ಅವರ ಮಾತಿನಲ್ಲಿ ಒಂದು ಅಂಶ ಮಾತ್ರ ಸರಿ: ಎಲ್ಲ ಸ್ಲೈಡುಗಳೂ ಒಂದೇ ಅಳತೆಯಲ್ಲಿರಬೇಕು. ಮೊದಲನೆಯದು ಯಾವ ಆಕಾರದಲ್ಲಿರುತ್ತದೆಯೋ ಉಳಿದವನ್ನೂ ಅದೇ ಆಕಾರಕ್ಕೆ ಕತ್ತರಿಸಲಾಗುತ್ತದೆ. ನಿನ್ನ ಐದನೆಯ ಚಿತ್ರದಲ್ಲಿ ಅಪ್ಪನ ಪೇಟ ಅರ್ಧ ಹೋಗಿರುವುದು ಅದಕ್ಕೇ. 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರ ಇಟ್ಟುಕೊ. ನಿನ್ನ ಕತೆಗೆ ಎಂಟು ಸ್ಲೈಡು ಸಾಕು.

ಇನ್ನು ಕತೆ ಯಾವುದು? ಅದನ್ನು ನಿನಗೆ ಹುಡುಕಿಕೊಟ್ಟವರು ಬಬಲೇಶ್ವರದ ಕಾಕಾ. ನೀನು ಕೇಳಿದ್ದನ್ನು ಅವರು ಒಣಗಿಸುವ ಪ್ರಶ್ನೆ ಎಂದು ತಿಳಿದು, ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಎಂದು ಲೆಕ್ಕ ಬರೆದಿದ್ದಾರೆ. ಕೆಲವರು ನಕ್ಕಿದ್ದನ್ನು ನೋಡಿದೆ. ನಗಬೇಡಿ. ನಿನ್ನ ಹತ್ತು ಚಿತ್ರಗಳಲ್ಲಿ ಇಲ್ಲದಿರುವುದು ಅದೊಂದೇ. ಗೊನೆ ಕೊಯ್ದದ್ದನ್ನು ತೋರಿಸಿದ್ದೀ, ಜಾಲರಿಯ ಮೇಲೆ ಹರಡಿದ್ದನ್ನು ತೋರಿಸಿದ್ದೀ, ನಡುವೆ ದ್ರಾವಣದಲ್ಲಿ ಅದ್ದಿದ್ದನ್ನು ನುಂಗಿದ್ದೀ. ಜನ "ಕೆಮಿಕಲ್" ಎನ್ನುತ್ತಾರೆಂಬ ಅಂಜಿಕೆ ಇರಬೇಕು. ಆದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಕೊಳ್ಳುವವರ ತಲೆಯಲ್ಲಿರುವ ಮೊದಲ ಪ್ರಶ್ನೆಯೇ ಅದು: ಇದು ಇಷ್ಟು ಹಸಿರಾಗಿ ಹೇಗಿದೆ, ಬಣ್ಣ ಹಾಕಿದ್ದಾರೆಯೇ? ಆ ಪ್ರಶ್ನೆಯನ್ನೇ ಕವರ್, ಅಂದರೆ ಮೊದಲ ಸ್ಲೈಡು, ಮಾಡು.

ನಾನಾದರೆ ಹೀಗೆ ಕೂಡಿಸುತ್ತೇನೆ. ಕವರ್‌ನಲ್ಲಿ ಅಂಗೈಯಲ್ಲಿ ಒಂದು ಹಿಡಿ ಒಣದ್ರಾಕ್ಷಿ, ಮೇಲೆ "ಇದಕ್ಕೆ ಈ ಹಸಿರು ಬಂದದ್ದು ಎಲ್ಲಿಂದ?" ಅಷ್ಟೇ. ಎರಡನೆಯದರಲ್ಲಿ ಎರಡು ಅಂಗೈ: ಒಂದರಲ್ಲಿ ಕಂದು, ಇನ್ನೊಂದರಲ್ಲಿ ಹಸಿರು. "ಹಾಗೆಯೇ ಬಿಸಿಲಿಗೆ ಹಾಕಿದ್ದು ಕಂದಾಯಿತು. ನಮ್ಮದು ನೆರಳಿನಲ್ಲಿ ಒಣಗಿತು." ಈ ಎರಡನೆಯ ಸ್ಲೈಡಿಗೆ ಕವರ್‌ನಷ್ಟೇ ಶ್ರಮ ಹಾಕು. ಕವರ್ ನೋಡಿ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಅದೇ ಪೋಸ್ಟನ್ನು ಇನ್ನೊಮ್ಮೆ ಎರಡನೆಯ ಸ್ಲೈಡಿನಿಂದ ತೋರಿಸುವುದುಂಟು. ಕವರ್ ನೋಡದವನಿಗೂ ಅದು ಅರ್ಥವಾಗಬೇಕು.

ಮೂರನೆಯದರಲ್ಲಿ ಕೊಯ್ಲಿನ ಬೆಳಿಗ್ಗೆ. ಇಲ್ಲಿ ತೋಟದ ದೂರದ ನೋಟ ಬೇಡ. ಸಕ್ಕರೆ ಅಂಶ ಅಳೆಯುವ ಮೀಟರನ್ನು ಕಣ್ಣಿಗೆ ಹಿಡಿದ ಅಪ್ಪನ ಫೋಟೋ ನಿನ್ನ ಬಳಿ ಇದೆಯಲ್ಲ, ಅದನ್ನು ಹಾಕು. "22 ದಾಟಿದ ಮೇಲೆಯೇ ಕೊಯ್ದೆವು" ಎಂಬ ಒಂದು ಸಾಲು. ನಿನ್ನ ತೋಟದಲ್ಲಿ ಎಷ್ಟು ಬಂದಿತ್ತೋ ಅದನ್ನೇ ಬರೆ. ನಾಲ್ಕನೆಯದು ಕಾಕಾ ಹೇಳಿದ ಅದ್ದುವ ಕೆಲಸ. "ಹಣ್ಣಿನ ಮೈಮೇಲೆ ಮೇಣದ ಪದರ ಇರುತ್ತದೆ. ಈ ದ್ರಾವಣದಲ್ಲಿ ಎರಡು ಮೂರು ನಿಮಿಷ ಅದ್ದಿದರೆ ಪದರ ಸಡಿಲವಾಗಿ ನೀರು ಬೇಗ ಹೊರಬರುತ್ತದೆ. ಬೇಗ ಒಣಗಿದ್ದರಿಂದ ಹಸಿರು ಉಳಿಯಿತು." ಎಂಟರಲ್ಲಿ ಉದ್ದನೆಯ ಬರಹ ಇರಬೇಕಾದದ್ದು ಇಲ್ಲಿ ಮಾತ್ರ. ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಹೆಸರನ್ನೂ ಬಿಡಬೇಡ. ಹೆಸರು ಹೇಳಿದವನ ಮೇಲೆ ಬರುವ ಅನುಮಾನ ಮುಚ್ಚಿಟ್ಟವನ ಮೇಲಿನದಕ್ಕಿಂತ ಕಡಿಮೆ. ಇನ್ನೊಂದು ಎಚ್ಚರಿಕೆ: ಹೊಂಬಣ್ಣ ಬರಲೆಂದು ಯಾವುದಾದರೂ ಲಾಟಿಗೆ ಗಂಧಕದ ಹೊಗೆ ಕೊಟ್ಟಿದ್ದರೆ ಆ ಪೊಟ್ಟಣವನ್ನು ಈ ಕತೆಯ ಕೆಳಗೆ ಮಾರಬೇಡ. "ರಾಸಾಯನಿಕ ಮುಕ್ತ" ಎಂಬ ಮಾತನ್ನಂತೂ ಎಲ್ಲಿಯೂ ಬರೆಯಬೇಡ. ಅದ್ದಿದ ಹಣ್ಣಿಗೆ ಆ ಮಾತು ಸಲ್ಲುವುದಿಲ್ಲ.

ಐದು ಮತ್ತು ಆರು ಸೇರಿ ಒಂದೇ ಫೋಟೋ ಆಗಲಿ. ಶೆಡ್ಡಿನೊಳಗಿನ ಜಾಲರಿಯ ಅಂತಸ್ತುಗಳನ್ನು ಮೊಬೈಲ್ ಅಡ್ಡ ಹಿಡಿದು ತೆಗೆ. 2160 ಅಗಲ, 1350 ಎತ್ತರಕ್ಕೆ ಹೊಂದಿಸಿ ನಡುವೆ ಸೀಳು. ಐದನೆಯ ಸ್ಲೈಡಿನ ಬಲ ಅಂಚಿನಲ್ಲಿ ಜಾಲರಿ ತುಂಡಾದಂತೆ ಕಂಡಾಗ ಬೆರಳು ತಾನಾಗಿ ಸರಿಸುತ್ತದೆ. "ಮುಂದೆ ನೋಡಿ" ಎಂಬ ಬಾಣದ ಗುರುತಿಗಿಂತ ಇದು ಮೇಲು. ಸೀಳುವ ಗೆರೆಯ ಮೇಲೆ ಮುಖವಾಗಲಿ ಅಕ್ಷರವಾಗಲಿ ಬರದಂತೆ ನೋಡಿಕೊ. ಏಳನೆಯದರಲ್ಲಿ ತೂಕ: ನಾಲ್ಕು ಕಿಲೋ ಹಸಿ ಹಣ್ಣಿನ ಬುಟ್ಟಿ, ಪಕ್ಕದಲ್ಲಿ ಒಂದು ಕಿಲೋ ಒಣದ್ರಾಕ್ಷಿ. "ಇಷ್ಟು, ಇಷ್ಟಾಗಲು ಹದಿನೈದು ದಿನ." ನಿನ್ನ ಶೆಡ್ಡಿನಲ್ಲಿ ಹನ್ನೆರಡೇ ದಿನ ಹಿಡಿದಿದ್ದರೆ ಹನ್ನೆರಡು ಎಂದೇ ಹಾಕು. ನಿನ್ನ ದರ ಏಕೆ ಅಷ್ಟು ಎಂಬುದಕ್ಕೆ ಇದೇ ಉತ್ತರ, ಆದರೆ ದರದ ಮಾತೆತ್ತದೆ ಹೇಳುತ್ತದೆ.

ಎಲ್ಲ ಪೋಸ್ಟುಗಳ ಕವರ್ ಒಂದೇ ತೆರನಾಗಿರಬೇಕು ಎಂಬುದನ್ನು ಹಲವರು ಅದೇ ಫೋಟೋ ಮತ್ತೆ ಮತ್ತೆ ಹಾಕುವುದು ಎಂದುಕೊಳ್ಳುತ್ತಾರೆ. ಹಾಗಲ್ಲ. ಫೋಟೋ ಬದಲಾಗಲಿ, ಶೀರ್ಷಿಕೆಯ ಜಾಗ, ಅಕ್ಷರದ ರೂಪ, ಹಿನ್ನೆಲೆಯ ಪಟ್ಟಿಯ ಬಣ್ಣ, ತೋಟದ ಹೆಸರಿನ ಮೂಲೆ ಬದಲಾಗಬಾರದು. ಕೆಳಗಿನ ಕಾಲುಭಾಗಕ್ಕೆ ಒಂದೇ ಬಣ್ಣದ ಪಟ್ಟಿ ಹಾಕಿ ಅದರ ಮೇಲೆ ಬರೆ. ಆಗ ಕೊಯ್ಲು, ಚಾಟಣಿ, ಮಳೆ ಎಂದು ಮುಂದೆ ಏನು ಹಾಕಿದರೂ ನಿನ್ನದೆಂದು ಗುರುತು ಸಿಗುತ್ತದೆ. ಪುಟದ ಮುಖದಲ್ಲಿ ಈಗ ಚಿತ್ರಗಳು 3:4 ಆಕಾರದಲ್ಲಿ ಕಾಣುವುದರಿಂದ 1080ರ ಎರಡೂ ಬದಿಯಲ್ಲಿ 34ರಷ್ಟು ಕತ್ತರಿಸಿಹೋಗುತ್ತದೆ. ಅಂಚಿನಿಂದ 80 ಒಳಗೆ ಬರೆದರೆ ಚಿಂತೆಯಿಲ್ಲ.

ಅಕ್ಷರದ ಬಗ್ಗೆ ನನ್ನ ಹಳೆಯ ಕಸುಬಿನವನಾಗಿ ಎರಡು ಮಾತು ಹೆಚ್ಚು ಹೇಳುತ್ತೇನೆ, ಸಹಿಸಿಕೊ. "ದ್ರಾಕ್ಷಿ"ಯಲ್ಲಿ ಎರಡು ಒತ್ತು ಇವೆ. ಇಂಗ್ಲಿಷಿಗೆ ಹೊಂದಿಸಿಟ್ಟ ಸಾಲಿನ ಅಂತರದಲ್ಲಿ ಬರೆದರೆ ಕ್ಷಿಯ ಒತ್ತು ಹೋಗಿ ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ನಿನ್ನ ಕವರ್‌ನಲ್ಲಿ ಆಗಿರುವುದು ಅದೇ. ಸ್ಲೈಡು ಮಾಡುವ ಕ್ಯಾನ್ವಾ ಆ್ಯಪ್‌ನಲ್ಲಿ ಸಾಲಿನ ಅಂತರವನ್ನು 1.4ಕ್ಕೆ ಏರಿಸು. ಬಲೂ ತಮ್ಮ ಅಥವಾ ಅನೇಕ್ ಕನ್ನಡ ಎಂಬ ಫಾಂಟುಗಳು ದಪ್ಪಗಿದ್ದು ಸಣ್ಣ ಪರದೆಯಲ್ಲಿ ಓದಿಸಿಕೊಳ್ಳುತ್ತವೆ. ಹಿಂದೊಮ್ಮೆ ಡಿಟಿಪಿ ಅಂಗಡಿಯೊಂದರಿಂದ ಬರೆಯಿಸಿ ತಂದ ಸಾಲುಗಳನ್ನು ಅಂಟಿಸಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಂಡಿತು. ಅವರು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಯುನಿಕೋಡ್‌ನಲ್ಲಿ, ಅಂದರೆ ನಿನ್ನ ಮೊಬೈಲ್ ಕೀಲಿಮಣೆಯಲ್ಲೇ ಟೈಪ್ ಮಾಡಿಕೊಂಡರೆ ಈ ರಗಳೆ ಇಲ್ಲ.

ಈಗ ಎಂಟನೆಯ, ಅಂದರೆ ಕೊನೆಯ ಸ್ಲೈಡು. ನಿನ್ನ ಹಳೆಯ ಪೋಸ್ಟಿನ ಕೊನೆಯದರಲ್ಲಿ "ಧನ್ಯವಾದಗಳು" ಎಂದು ನಮಸ್ಕಾರದ ಚಿತ್ರ ಹಾಕಿ, ಅದರ ಕೆಳಗೆ ಲೈಕ್ ಮಾಡಿ, ಶೇರ್ ಮಾಡಿ, ಫಾಲೋ ಮಾಡಿ, ಕರೆ ಮಾಡಿ ಎಂದು ನಾಲ್ಕು ಕೆಲಸ ಹೇಳಿದ್ದೀ. ಕತೆ ಕೇಳಿ ಎದ್ದು ನಿಂತವನಿಗೆ ಒಂದೇ ಬಾಗಿಲು ತೋರಿಸು. ಚಿತ್ರದ ಮೇಲಿನ ಫೋನ್ ನಂಬರನ್ನು ಒತ್ತಲು ಬರುವುದಿಲ್ಲ, ಕ್ಯಾಪ್ಷನ್‌ನಲ್ಲಿ ಕೊಟ್ಟ ಲಿಂಕೂ ತೆರೆಯುವುದಿಲ್ಲ. ತೆರೆಯುವುದು ಬಯೋದಲ್ಲಿನ ಲಿಂಕ್ ಮಾತ್ರ. ಅಲ್ಲಿ ಇದನ್ನು ಹಾಕು, X ಇರುವಲ್ಲಿ ನಿನ್ನ ಹತ್ತು ಅಂಕಿ, ಮುಂದೆ ಸೊನ್ನೆಯಾಗಲಿ ಪ್ಲಸ್ ಆಗಲಿ ಬೇಡ:

```
https://wa.me/91XXXXXXXXXX?text=Drakshi%20beku
```

ಒತ್ತಿದರೆ ವಾಟ್ಸ್ಆ್ಯಪ್ ತೆರೆದು ಸಂದೇಶ ಸಿದ್ಧವಾಗಿರುತ್ತದೆ. ಕೊನೆಯ ಸ್ಲೈಡಿನಲ್ಲಿ ಕವರ್‌ನ ಅದೇ ಅಂಗೈ, ಅದೇ ಪಟ್ಟಿ, ಈ ಸಲ ಅಂಗೈ ನೋಡುವವನ ಕಡೆಗೆ ಚಾಚಿರಲಿ. "ಅರ್ಧ ಕಿಲೋ ಬೇಕಿದ್ದರೆ ಬಯೋದ ಲಿಂಕ್ ಒತ್ತಿ." ಬೇರೇನೂ ಬೇಡ.

ದರದ ವಿಷಯದಲ್ಲಿ ಬಾದಾಮಿಯ ಅಕ್ಕನವರಿಗೂ ನನಗೂ ಹೊಂದುವುದಿಲ್ಲ. ತಮ್ಮ ಸಂಘದ ಖಡಕ್ ರೊಟ್ಟಿಗೆ ಕೊನೆಯ ಸ್ಲೈಡಿನಲ್ಲೇ ದರ ಹಾಕುತ್ತಾರಂತೆ, ಬರೀ ವಿಚಾರಿಸಿ ಹೋಗುವವರು ಕಡಿಮೆಯಾದರಂತೆ. ಅವರ ಅನುಭವವನ್ನು ಅಲ್ಲಗಳೆಯಲಾರೆ. ಆದರೆ ರೊಟ್ಟಿಯ ದರ ವರ್ಷವಿಡೀ ಹೆಚ್ಚುಕಡಿಮೆ ಒಂದೇ, ಒಣದ್ರಾಕ್ಷಿಯದು ತಾಸಗಾಂವ್ ಪೇಟೆ ಏರಿದಂತೆ ಇಳಿದಂತೆ. ಹಾಕಿದ ಮೇಲೆ ಸ್ಲೈಡನ್ನು ತೆಗೆಯಬಹುದೇ ಹೊರತು ಅದರ ಮೇಲಿನ ಅಕ್ಷರ ತಿದ್ದಲಾಗದು. ಬೆಲ್ಲದ ಗಾಣದವರೊಬ್ಬರಿಗೆ ನಾನೇ ದರ ಬರೆದುಕೊಟ್ಟು, ದರ ಏರಿದ ಮೇಲೆ ಕೊಳ್ಳಲು ಕರೆಯುವ ಕೊನೆಯ ಸ್ಲೈಡನ್ನೇ ಕಿತ್ತು ಹಾಕಬೇಕಾಯಿತು. ಕತೆ ಬಾಲವಿಲ್ಲದೆ ಉಳಿಯಿತು. ದರವನ್ನು ಕ್ಯಾಪ್ಷನ್‌ನ ಮೊದಲ ಸಾಲಿನಲ್ಲಿ ಹಾಕು, ಅದನ್ನು ಯಾವಾಗ ಬೇಕಾದರೂ ತಿದ್ದಬಹುದು.

ಹಾಕಿ ಒಂದು ವಾರ ಬಿಟ್ಟು ಇನ್‌ಸೈಟ್ಸ್ ನೋಡು. ಅದಕ್ಕೆ ಖಾತೆಯನ್ನು ಬಿಸಿನೆಸ್ ಅಥವಾ ಕ್ರಿಯೇಟರ್ ಖಾತೆಯಾಗಿ ಬದಲಿಸಿರಬೇಕು. ಲೈಕ್ ಬಿಡು, ಬಳಗದವರು ಹೇಗೂ ಕೊಡುತ್ತಾರೆ. ಬಹಳ ಜನರಿಗೆ ತಲುಪಿಯೂ ಯಾರೂ ಉಳಿಸಿಕೊಂಡಿಲ್ಲ, ಕಳುಹಿಸಿಲ್ಲ ಎಂದರೆ ಕತೆ ನಡುವೆ ಸಡಿಲಾಗಿದೆ. ಪುಟಕ್ಕೆ ಬಂದವರು ಹೆಚ್ಚಿದ್ದು ಲಿಂಕ್ ಒತ್ತಿದವರು ಇಲ್ಲದಿದ್ದರೆ ಬಯೋ ಬರಹವನ್ನು ತಿದ್ದು.

ಹೊಸ ಎಂಟನ್ನು ಅಲ್ಲಿ ಏರಿಸುವ ಮುನ್ನ ಇಲ್ಲಿ ಗುಂಪಿನಲ್ಲಿ ಹಾಕು. ನಾಲ್ಕನೆಯ ಸ್ಲೈಡನ್ನು ಕಾಕಾ ನೋಡಲಿ, ಒತ್ತಕ್ಷರಗಳನ್ನು ನಾನು ನೋಡುತ್ತೇನೆ.