ಆರು ಇಂಚಿನ ಹೂದಾನಿ ನಿಜಕ್ಕೂ ಎಷ್ಟು ಇಂಚು?

ಪ್ರಶ್ನೆ: ಕಲಬುರಗಿಯಿಂದ ಬಿದ್ರಿ ಸಾಮಾನು ಆನ್‌ಲೈನ್‌ನಲ್ಲಿ ಮಾರ್ತೀನಿ. ಬೆಂಗಳೂರಿನವರು ಸೆಂಟಿಮೀಟರ್ ಕೇಳ್ತಾರೆ, ಅಮೆರಿಕದವರು ಇಂಚು ಕೇಳ್ತಾರೆ. ಎರಡೂ ಹಾಕಿದರೆ ಒಂದಕ್ಕೊಂದು ತಾಳೆ ಆಗಲ್ಲ. ತೂಕ ಗ್ರಾಂನಲ್ಲಿ ಬರೆದರೆ ಸಾಕಾ?

ಉತ್ತರ:

ನಾನು ಬೀದರ್‌ನವಳು, ಇದೇ ಸಾಮಾನು ಮಾರುತ್ತೇನೆ. ಒಂದು ಹೂದಾನಿ ಇದೇ ಕಾರಣಕ್ಕೆ ವಾಪಸ್ ಬಂದಿತ್ತು. ಅದರ ಕಥೆಯನ್ನೇ ಹೇಳುತ್ತೇನೆ, ತಾಳೆ ಎಲ್ಲಿ ತಪ್ಪುತ್ತದೆ ಅಂತ ಗೊತ್ತಾಗುತ್ತದೆ.

ಕೆಲಸಗಾರರು ಅದನ್ನು ನನ್ನ ಕೈಗೆ ಕೊಟ್ಟಾಗ "ಆರು ಇಂಚಿನದು" ಅಂದರು. ನಾನು ಹಾಗೇ 6 ಇಂಚು ಅಂತ ಹಾಕಿದೆ. ಫೋನಿನಲ್ಲಿ ಲೆಕ್ಕ ಹಾಕಿದರೆ 15.24 ಸೆಂ.ಮೀ. ಬಂತು, 15 ಅಂತ ಬರೆದೆ. ಸ್ವಲ್ಪ ದಿನ ಬಿಟ್ಟು ಬೇರೊಂದು ಸೈಟಿಗೆ ಹಾಕುವಾಗ ಆ 15 ಅನ್ನೇ ಇಂಚಿಗೆ ತಿರುಗಿಸಿದೆ. 5.9 ಆಯಿತು. ತಗೊಂಡವರ ಮನೆಯ ಗೋಡೆ ಗೂಡಿನ ಎತ್ತರ 15.5 ಸೆಂ.ಮೀ. ಹೂದಾನಿ ಅದರೊಳಗೆ ಹೋಗಲಿಲ್ಲ. ವಾಪಸ್ ಬಂದ ಮೇಲೆ ಸ್ಕೇಲ್ ಹಿಡಿದು ನೋಡಿದರೆ 158 ಮಿ.ಮೀ., ಅಂದರೆ 15.8 ಸೆಂ.ಮೀ.! ಆ "ಆರು ಇಂಚು" ಅಳತೆಯೇ ಅಲ್ಲ, ಆ ನಮೂನೆಯ ಹೆಸರು ಅಷ್ಟೇ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಆಮೇಲೆ ಅರ ಹಾಕಿ ಉಜ್ಜಿ ಮಾಡುವ ಸಾಮಾನು ಅದು. ಒಂದರಂತೆ ಇನ್ನೊಂದು ಇರಲ್ಲ.

ಅವತ್ತಿನಿಂದ ಒಂದೇ ನಿಯಮ ಇಟ್ಟುಕೊಂಡೆ. ಪ್ರತಿ ಸಾಮಾನನ್ನೂ ಒಂದೇ ಸಲ, ಮಿಲಿಮೀಟರ್‌ನಲ್ಲಿ ಅಳೆಯುತ್ತೇನೆ. ಶೀಟ್‌ನಲ್ಲಿ ಕೈಯಾರೆ ಬರೆಯುವುದು ಆ ಒಂದು ಅಂಕಿ ಮಾತ್ರ. ಸೆಂಟಿಮೀಟರೂ ಇಂಚೂ ಅದರಿಂದಲೇ ಬರಬೇಕು. ಇಂಚಿನಿಂದ ಸೆಂಟಿಮೀಟರಿಗೆ, ಅಲ್ಲಿಂದ ಮತ್ತೆ ಇಂಚಿಗೆ ಯಾವತ್ತೂ ಹೋಗಬೇಡಿ. ಒಂದು ಇಂಚು ಅಂದರೆ ಸರಿಯಾಗಿ 25.4 ಮಿ.ಮೀ. ಮಿಲಿಮೀಟರ್ A2 ಮನೆಯಲ್ಲಿದ್ದರೆ ಪಕ್ಕದ ಎರಡು ಮನೆಗಳಲ್ಲಿ ಇವನ್ನು ಹಾಕಿ:

```
=ROUND(A2/10,1)
=ROUND(A2/25.4,1)
```

158 ಹಾಕಿದರೆ 15.8 ಮತ್ತು 6.2 ಬರುತ್ತದೆ. ಇಂಚಿಗೆ ಚುಕ್ಕಿಯ ನಂತರ ಒಂದೇ ಅಂಕಿ ಸಾಕು. 6.2205 ಅಂತ ಬರೆದರೆ ಕೈಯಲ್ಲಿ ಮಾಡಿದ ಸಾಮಾನಿಗೆ ಅಷ್ಟು ನಿಖರತೆ ಇದೆ ಅಂತ ಸುಮ್ನೆ ಹೇಳಿದಂತೆ. ಅಮೆರಿಕದವರು ಅರ್ಧ, ಕಾಲು ಅಂತ ಓದುವುದು ನಿಜ. ಆದರೆ ಶೀಟ್‌ನಲ್ಲಿ 1/2 ಅಂತ ಟೈಪ್ ಮಾಡಿದರೆ ಅದು ತಾರೀಖು ಆಗಿಬಿಡುತ್ತದೆ. ಹಾಗಾಗಿ ನಾನು ಚುಕ್ಕಿಯನ್ನೇ ಬಳಸುತ್ತೇನೆ. ಇಂಚಿಗೆ ಎರಡು ಗೀರಿನ ಗುರುತೂ ಬೇಡ. 6.2" ಅನ್ನು ಅವಸರದಲ್ಲಿ 6'2" ಅಂತ ಓದಿದರೆ ಹೂದಾನಿ ಆಳೆತ್ತರ ಆಗುತ್ತದೆ!

ಇನ್ನು ಅಳೆಯುವುದು. ಎತ್ತರಕ್ಕೆ ಸಾಮಾನನ್ನು ಸಮನಾದ ಮೇಜಿನ ಮೇಲೆ ಇಟ್ಟು, ಬಾಯಿಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಡಿ. ಮೇಜಿನಿಂದ ಪುಸ್ತಕದ ಕೆಳಗಿನ ಅಂಚಿನವರೆಗೆ ಅಳೆಯಿರಿ. ಸ್ಕೇಲಿನ ತುದಿಯಿಂದ ಸೊನ್ನೆಯವರೆಗೆ ಖಾಲಿ ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಶಾಲೆಯ ಪ್ಲಾಸ್ಟಿಕ್ ಸ್ಕೇಲುಗಳಲ್ಲಿ ಇರುತ್ತದೆ, ಅಷ್ಟು ಅಳತೆ ಕಡಿಮೆ ಬರುತ್ತದೆ. ಹೊಟ್ಟೆಯ ಅಗಲಕ್ಕೆ ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೆ ದರ್ಜಿ ಟೇಪನ್ನು ಸುತ್ತ ಹಿಡಿದು 3.14ರಿಂದ ಭಾಗಿಸಿ. ನನ್ನ ಹೂದಾನಿಯ ಸುತ್ತಳತೆ 302 ಮಿ.ಮೀ. ಇತ್ತು, ಅಗಲ 96 ಬಂತು. ಬಾಯಿಯ ಅಗಲವನ್ನೂ ಬೇರೆಯಾಗಿ ಬರೆಯಿರಿ. ಬರೀ "15.8 x 9.6" ಅಂತ ಹಾಕಿದರೆ ಯಾವುದು ಎತ್ತರ, ಯಾವುದು ಅಗಲ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ತೂಕದ ವಿಷಯ. ಗ್ರಾಂ ಮೊದಲು ಬರಲಿ, ಆದರೆ ಅಮೆರಿಕದವರಿಗೆ ಪೌಂಡ್, ಔನ್ಸ್ ಕೂಡ ಬೇಕು. ಒಂದು ಔನ್ಸ್ ಅಂದರೆ 28.35 ಗ್ರಾಂ, 16 ಔನ್ಸ್‌ಗೆ ಒಂದು ಪೌಂಡ್. ಇಲ್ಲೊಂದು ಗೊಂದಲ ಇದೆ. ಬೆಳ್ಳಿ ಬಂಗಾರದ ಜನ ಔನ್ಸ್ ಅಂದರೆ 31.1 ಗ್ರಾಂನ ಟ್ರಾಯ್ ಔನ್ಸ್ ಅಂತ ತಿಳಿಯುತ್ತಾರೆ. ನಮ್ಮದು ಬೆಳ್ಳಿ ಕೂರಿಸಿದ ಸಾಮಾನು, ಅವರಿಗೆ ಹಾಗೆ ಅನಿಸುವುದು ಸಹಜ. ಪೌಂಡ್ ಸೇರಿಸಿ ಬರೆದರೆ ಆ ಅನುಮಾನ ಹೋಗುತ್ತದೆ. ನನ್ನ ಹೂದಾನಿ 742 ಗ್ರಾಂ ತೂಗಿತು. ಅದು ಅಷ್ಟೂ ಬೆಳ್ಳಿಯಲ್ಲ, ಬಹುಪಾಲು ಸತು ಮತ್ತು ತಾಮ್ರದ ಮಿಶ್ರಲೋಹ ಅಂತಲೂ ಒಂದು ಸಾಲು ಬರೆಯಿರಿ. ತೊಲದಲ್ಲಿ ಬರೆಯಲೇಬೇಡಿ. ಹಳೆಯ ತೊಲ 11.66 ಗ್ರಾಂ, ಈಗ ಎಷ್ಟೋ ಅಂಗಡಿಗಳಲ್ಲಿ ಹತ್ತೇ ಗ್ರಾಂ. ಕಿವಿಯೋಲೆ, ಪದಕದಂಥ ಚಿಕ್ಕ ಸಾಮಾನಿಗೆ ಅಡುಗೆಮನೆಯ ತಕ್ಕಡಿ ಸಾಲದು. ಅದು ಒಂದೊಂದೇ ಗ್ರಾಂ ತೋರಿಸುತ್ತದೆ. 0.1 ಗ್ರಾಂ ತೋರಿಸುವುದು ಬೇಕು.

ಕೊನೆಗೆ ಲಿಸ್ಟಿಂಗ್‌ನಲ್ಲಿ ಹೋಗುವುದು ಇಷ್ಟು:

```
Height: 15.8 cm (6.2 inches)
Width at belly: 9.6 cm (3.8 inches)
Mouth: 4.1 cm (1.6 inches)
Weight, unpacked: 742 g (1 lb 10 oz)
```

ಸೆಂಟಿಮೀಟರ್, ಗ್ರಾಂ ಮೊದಲು ಇರಲಿ ಅಂತ ಸುಮ್ನೆ ಹೇಳಿದ್ದಲ್ಲ. 2009ರ ಲೀಗಲ್ ಮೆಟ್ರಾಲಜಿ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ಮಾರುವ ಸಾಮಾನಿನ ಅಳತೆ, ತೂಕ ಮೆಟ್ರಿಕ್‌ನಲ್ಲೇ ಹೇಳಬೇಕು. ಆರ್ಡರ್ ಬಂದ ಮೇಲೆ ಮಾಡಿಕೊಡುವುದಾದರೆ, 3 ಮಿ.ಮೀ. ಹೆಚ್ಚುಕಡಿಮೆ ಆಗಬಹುದು ಅಂತ ಒಂದು ಸಾಲು ಸೇರಿಸಿ. ಇಂಚಿನಲ್ಲಿ ಅದು ಸುಮಾರು 0.1.

"ಅನ್‌ಪ್ಯಾಕ್ಡ್" ಅಂತ ಬರೆದದ್ದು ಬೇಕಂತಲೇ. ಪಾರ್ಸಲ್ಲಿನ ತೂಕ ಬೇರೆ, ಅಳತೆಯೂ ಬೇರೆ. ನಮ್ಮಲ್ಲಿ ರಟ್ಟಿನ ಡಬ್ಬಿ ಕೊಳ್ಳುವಾಗ 10, 8, 7 ಅಂತ ಇಂಚಿನಲ್ಲೇ ಕೇಳುತ್ತೇವೆ, ಅಲ್ವಾ? ಒಮ್ಮೆ ಅದೇ ಅಂಕಿಗಳನ್ನು ಕೊರಿಯರ್ ಫಾರ್ಮಿನ ಸೆಂಟಿಮೀಟರ್ ಖಾನೆಗಳಲ್ಲಿ ತುಂಬಿದೆ. ಅವರು ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ ಕಿಲೋ ಲೆಕ್ಕ ಹಾಕುತ್ತಾರೆ. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನನ್ನ ಅಂಕಿಗೆ 0.11 ಕಿಲೋ ಬಂತು. ಹಾಗಾಗಿ ತಕ್ಕಡಿಯ 1.18 ಕಿಲೋಗೆ ಹಣ ಕಟ್ಟಿದೆ. ಅವರು ಮತ್ತೆ ಅಳೆದಾಗ ಟೇಪು ಸುತ್ತಿ ಉಬ್ಬಿದ ಡಬ್ಬಿ 26, 21, 18 ಸೆಂ.ಮೀ. ಇತ್ತು. 1.97 ಕಿಲೋ ಆಯಿತು. ಎರಡು ಕಿಲೋ ಅಂತ ಹಿಡಿದು ಬಿಲ್ ಕಳಿಸಿದರು. ತಪ್ಪು ನನ್ನದೇ, ಕಟ್ಟಿದೆ. ಈಗ ಡಬ್ಬಿಗೆ ಟೇಪು ಸುತ್ತಿದ ಮೇಲೆಯೇ ಹೊರಗಿನಿಂದ ಅಳೆಯುತ್ತೇನೆ.

ನಿಮ್ಮ ಹಳೆಯ ಲಿಸ್ಟಿಂಗ್‌ಗಳನ್ನು ಹೀಗೆ ಪರೀಕ್ಷೆ ಮಾಡಿ. ಬರೆದಿರುವ ಇಂಚನ್ನು 2.54ರಿಂದ ಗುಣಿಸಿ, ಪಕ್ಕದ ಸೆಂಟಿಮೀಟರ್ ಜೊತೆ ಹೋಲಿಸಿ. ವ್ಯತ್ಯಾಸ 0.13 ಸೆಂ.ಮೀ. ಒಳಗಿದ್ದರೆ ಅದು ದುಂಡು ಮಾಡಿದ್ದರಿಂದ ಬಂದದ್ದು, ತೊಂದರೆ ಇಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಎರಡರಲ್ಲಿ ಒಂದು ತಪ್ಪು. ನನ್ನ 6 ಮತ್ತು 15 ಈ ಪರೀಕ್ಷೆಯಲ್ಲಿ ಬಿದ್ದುಹೋದವು, 0.24 ವ್ಯತ್ಯಾಸ. ಆದರೆ 5.9 ಮತ್ತು 15 ಪಾಸಾದವು. ಎರಡೂ ಒಂದೇ ತಪ್ಪನ್ನು ಒಟ್ಟಿಗೆ ಹೇಳುತ್ತಿದ್ದವು. ಅದನ್ನು ಹಿಡಿಯಲು ಸಾಮಾನನ್ನೇ ಮೇಜಿನ ಮೇಲೆ ಇಟ್ಟು ಮತ್ತೆ ಅಳೆಯಬೇಕು.